ಅಮ್ಮನನ್ನು ಊರಿಂದ ಕರೆತರಲು ಆಫೀಸಿನಲ್ಲಿ ರಜೆ ಕೇಳುವುದು ಹೇಗೆ: ದಿನದ ಲೆಕ್ಕ, ಅರ್ಜಿ, ಆಮೇಲಿನ ವಾರ

ನಾಲ್ಕು ವರ್ಷದ ಹಿಂದೆ ಮಾವನನ್ನು ಊರಿಂದ ನಮ್ಮ ಮನೆಗೆ ಕರೆತಂದೆವು. ಆಗ ನಾನು ಆಫೀಸಿನಲ್ಲಿ ಕೇಳಿದ್ದು ಮೂರು ದಿನ ರಜೆ. ಹೋಗಲು ಒಂದು ದಿನ, ಸಾಮಾನು ಕಟ್ಟಲು ಒಂದು ದಿನ, ಬರಲು ಒಂದು ದಿನ. ಕೊನೆಗೆ ಆಗಿದ್ದು ಹನ್ನೊಂದು ದಿನ. ಬ್ಯಾಂಕಿನ ಕೆಲಸ ಮುಗಿಯಲಿಲ್ಲ ಅಂತ ಒಂದು ದಿನ, ಮಾವನಿಗೆ ಜ್ವರ ಅಂತ ಎರಡು ದಿನ, ರಾತ್ರಿಯೆಲ್ಲ ಯಾರೂ ನಿದ್ದೆ ಮಾಡಿಲ್ಲ ಅಂತ ಇನ್ನೊಂದು ದಿನ. ಪ್ರತಿ ಸಲ ಬೆಳಿಗ್ಗೆ ಎಂಟು ಗಂಟೆಗೆ ಮ್ಯಾನೇಜರ್‌ಗೆ ಫೋನ್ ಮಾಡಿ ಕೇಳಿದ್ದು. ಅವರು ಕೊನೆಗೊಂದು ದಿನ ಬೇಸರದಿಂದಲೇ ಹೇಳಿದರು: "ಹನ್ನೊಂದು ದಿನ ಅಂತ ಮೊದಲೇ ಹೇಳಿದ್ದರೆ ಕೊಡ್ತಿದ್ದೆ. ದಿನಾ ಒಂದೊಂದು ಅಂದ್ರೆ ನಿಮ್ಮ ಕೆಲಸ ಯಾರಿಗೆ ಅಂತ ಹಂಚಲಿ?"

ಅವರು ಹೇಳಿದ್ದು ಸರಿಯಾಗಿತ್ತು. ಹೋದ ಜನವರಿಯಲ್ಲಿ, ಅಂದರೆ 2026ರಲ್ಲಿ, ನನ್ನ ಅಮ್ಮನನ್ನು ಸಾಗರದಿಂದ ಬೆಂಗಳೂರಿಗೆ ಕರೆತರುವಾಗ ಬೇರೆ ಥರ ಮಾಡಿದೆ. ಎಂಟು ದಿನದ ರಜೆಯನ್ನು ಮೂರು ತುಂಡು ಮಾಡಿ, ಐದು ವಾರ ಮೊದಲೇ ಕೇಳಿದೆ. ಆ ಲೆಕ್ಕವನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ನಿಮ್ಮ ಊರು ಬೇರೆ, ಕೆಲಸ ಬೇರೆ ಇರಬಹುದು. ಆದರೆ ದಿನಗಳು ಎಲ್ಲಿ ಖರ್ಚಾಗುತ್ತವೆ ಅನ್ನುವುದು ಹೆಚ್ಚುಕಡಿಮೆ ಒಂದೇ.

ತಾರೀಕು ಮೊದಲು ಮನೆಯಲ್ಲಿ ಗೊತ್ತಾಗಲಿ

ಅಮ್ಮನಿಗೆ 78 ವರ್ಷ. ಸಾಗರದ ಮನೆಯಲ್ಲಿ ಒಬ್ಬಳೇ ಇದ್ದಳು. ಅಕ್ಟೋಬರ್‌ನಲ್ಲಿ ಬಚ್ಚಲಲ್ಲಿ ಜಾರಿಬಿದ್ದಳು. ಮೂಳೆ ಮುರಿಯಲಿಲ್ಲ, ಆದರೆ ಎದ್ದು ಕೂರಲು ಆಗದೆ ಎರಡು ತಾಸು ಅಲ್ಲೇ ಇದ್ದಳು. ಹಾಲು ತರುವವಳು ಬಂದು ಕೂಗಿದ ಮೇಲೆ ಪಕ್ಕದ ಮನೆಯವರಿಗೆ ಗೊತ್ತಾಯಿತು. ನಮ್ಮ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ, ಹಗಲು ಹೊತ್ತು ಮನೆಯಲ್ಲಿ ಯಾರೂ ಇರುವುದಿಲ್ಲ. ಹಾಗಾಗಿ ನಮ್ಮ ಮನೆಯಿಂದ ನಾಲ್ಕು ಕಿಲೋಮೀಟರ್ ದೂರದ ಒಂದು ಆರೈಕೆ ಮನೆ ನೋಡಿದೆವು. ನೆಲಮಹಡಿಯ ಕೋಣೆ, ರಾತ್ರಿ ನೋಡಿಕೊಳ್ಳುವವರು ಇರುತ್ತಾರೆ, ನಾನು ದಿನಾ ಸಂಜೆ ಹೋಗಬಹುದು. ಅಮ್ಮ ಒಪ್ಪಲು ಎರಡು ತಿಂಗಳು ಬೇಕಾಯಿತು. ಒಪ್ಪಿದ್ದೂ "ಒಂದು ತಿಂಗಳು ಇದ್ದು ನೋಡ್ತೀನಿ" ಅಂತ.

ತಾರೀಕಿನ ವಿಷಯಕ್ಕೆ ಬರೋಣ. ನಮ್ಮಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ. ಆಫೀಸಿನಲ್ಲಿ ರಜೆ ಮಂಜೂರಾಗಿರುತ್ತದೆ, ಕಾರು ಬುಕ್ ಆಗಿರುತ್ತದೆ, ಹಿಂದಿನ ದಿನ ಅಮ್ಮನೋ ಅಪ್ಪನೋ "ಆ ದಿನ ಹೊರಡಲ್ಲ" ಅಂತ ಕೂತುಬಿಡುತ್ತಾರೆ. ಆಗ ಹಟ ಅಂತ ಬೈಯ್ದು ಪ್ರಯೋಜನ ಇಲ್ಲ. ನಲವತ್ತು ಐವತ್ತು ವರ್ಷ ಬಾಳಿದ ಮನೆ ಬಿಟ್ಟು ಹೊರಡುವವರು, ಹೊರಡುವ ದಿನವನ್ನಾದರೂ ತಾವೇ ಆರಿಸಬೇಕಲ್ವಾ? ನನ್ನ ಅಮ್ಮ ಹೇಳಿದ್ದು ಇಷ್ಟು: "ಧನುರ್ಮಾಸ ಕಳೀಲಿ ಮಾರಾಯ್ತಿ. ಸಂಕ್ರಾಂತಿ ಆದಮೇಲೆ ಬರ್ತೀನಿ. ಮಂಗಳವಾರ, ಶುಕ್ರವಾರ ಮಾತ್ರ ಬೇಡ."

ಇನ್ನೊಂದು ಕಡೆ ನನ್ನ ಕೆಲಸದ ಕ್ಯಾಲೆಂಡರ್ ಇತ್ತು. ನಾನು ಅಕೌಂಟ್ಸ್ ವಿಭಾಗದವಳು. ತಿಂಗಳ 7ಕ್ಕೆ ಟಿಡಿಎಸ್ ಕಟ್ಟಬೇಕು, 11ಕ್ಕೆ ಜಿಎಸ್‌ಟಿಯ ಒಂದು ರಿಟರ್ನ್, 20ಕ್ಕೆ ಇನ್ನೊಂದು. 20 ದಾಟಿದ ಮೇಲೆ ತಿಂಗಳ ಕೊನೆಯವರೆಗೆ ಸ್ವಲ್ಪ ಉಸಿರು. ಜನವರಿಯಲ್ಲಿ 20ರ ನಂತರ, ಮಂಗಳವಾರ ಶುಕ್ರವಾರ ಬಿಟ್ಟು, 26ರ ಸೋಮವಾರದ ಸರ್ಕಾರಿ ರಜೆಯನ್ನೂ ಸೇರಿಸಿ ನೋಡಿದಾಗ ಹೊರಡುವ ದಿನ ಜನವರಿ 24, ಶನಿವಾರ ಅಂತ ತಾನಾಗಿ ಬಂತು. ಆರೈಕೆ ಮನೆಯ ಡಾಕ್ಟರ್ ಭಾನುವಾರ ಬರುವುದಿಲ್ಲ, 26ಕ್ಕೂ ಬರುವುದಿಲ್ಲ, 27 ಮಂಗಳವಾರ. ಅಲ್ಲಿಗೆ ಸೇರಿಸುವುದು 28, ಬುಧವಾರ. ನಡುವಿನ ಮೂರು ದಿನ ನಮ್ಮ ಮನೆಯಲ್ಲಿ.

ಈ ಎರಡು ತಾರೀಕು ಅಮ್ಮನ ಬಾಯಲ್ಲಿ ಒಪ್ಪಿಗೆಯಾಗುವವರೆಗೆ ಆಫೀಸಿನಲ್ಲಿ ಬಾಯಿ ಬಿಡಲಿಲ್ಲ.

ಕೆಲಸವನ್ನು ಮೂರು ರಾಶಿ ಮಾಡಿ

ಒಂದು ಹಾಳೆ ತೆಗೆದುಕೊಳ್ಳಿ. ಮಾಡಬೇಕಾದದ್ದೆಲ್ಲ ಬರೆಯಿರಿ. ಪ್ರತಿಯೊಂದರ ಮುಂದೆ ಮೂರು ಪ್ರಶ್ನೆ ಹಾಕಿ. ಇದಕ್ಕೆ ನಾನೇ ಬೇಕಾ? ಕೆಲಸದ ದಿನವೇ ಆಗಬೇಕಾ? ಹೊರಡುವ ಮೊದಲೇ ಆಗಬೇಕಾ?

ಬೆಂಗಳೂರಿನಲ್ಲಿ ಆರೈಕೆ ಮನೆಗಳನ್ನು ನೋಡುವುದು ಶನಿವಾರ ಆಗುತ್ತದೆ, ರಜೆ ಬೇಡ. ಊರಿನ ಬ್ಯಾಂಕು ಮತ್ತು ಅಮ್ಮನನ್ನು ನೋಡುವ ಡಾಕ್ಟರ್, ಇವೆರಡಕ್ಕೂ ಕೆಲಸದ ದಿನ ಬೇಕು, ಅಮ್ಮನೂ ಜೊತೆಗಿರಬೇಕು. ಆಧಾರ್ ವಿಳಾಸ ಬದಲಿಸುವುದು ಆಮೇಲೆ ನಿಧಾನಕ್ಕೆ ಮಾಡಬಹುದು. ಊರಿನ ಮನೆ ಖಾಲಿ ಮಾಡುವುದಂತೂ ಈ ಪಟ್ಟಿಯಲ್ಲೇ ಇರಬಾರದು. "ಒಂದು ತಿಂಗಳು ನೋಡ್ತೀನಿ" ಅಂದವಳ ಕಣ್ಣೆದುರೇ ಪಾತ್ರೆ ಹಂಚಿದರೆ ಆ ಮಾತಿಗೆ ಬೆಲೆ ಎಲ್ಲಿ ಉಳಿಯಿತು? ರಜೆಯ ಲೆಕ್ಕದಲ್ಲೂ ಅದು ದೊಡ್ಡ ಉಳಿತಾಯ. ಮನೆ ಖಾಲಿ ಮಾಡಲು ಕೂತರೆ ವಾರವೇ ಹೋಗುತ್ತದೆ.

ಹೀಗೆ ವಿಂಗಡಿಸಿದಾಗ ಮೂರು ರಾಶಿಯಾಯಿತು. ಮೊದಲನೆಯದು ತಯಾರಿಯ ಪ್ರಯಾಣ. ಡಿಸೆಂಬರ್ 25 ಗುರುವಾರ ಕ್ರಿಸ್‌ಮಸ್ ರಜೆ ಇತ್ತು. 26ರ ಶುಕ್ರವಾರ, 29ರ ಸೋಮವಾರ ರಜೆ ಹಾಕಿದರೆ ಊರಲ್ಲಿ ಐದು ದಿನ. ಖರ್ಚಾದ ರಜೆ ಎರಡು. ಎರಡನೆಯದು ಕರೆತರುವುದು. ಗುರುವಾರ ರಾತ್ರಿ ಬಸ್ಸು ಹತ್ತಿ 23ರ ಶುಕ್ರವಾರ ಸಾಮಾನು, ಶನಿವಾರ ಪ್ರಯಾಣ, ಭಾನುವಾರ ಸೋಮವಾರ ಹೇಗೂ ರಜೆ, ಮಂಗಳವಾರ ಮನೆಯಲ್ಲಿ ಅಮ್ಮನ ಜೊತೆ, ಬುಧವಾರ ಸೇರಿಸುವುದು, ಗುರುವಾರ ಮೊದಲ ಪೂರ್ತಿ ದಿನ. ಖರ್ಚಾದ ರಜೆ ನಾಲ್ಕು. ಮೂರನೆಯದು ಕಾಯ್ದಿಟ್ಟ ರಜೆ. ಫೆಬ್ರವರಿ 2ರಿಂದ 13ರ ಒಳಗೆ ನಾಲ್ಕು ಅರ್ಧ ದಿನ, ಅಂದರೆ ಎರಡು ದಿನ. ಒಟ್ಟು ಎಂಟು.

ಮೂರನೇ ರಾಶಿಯನ್ನು ಯಾರೂ ಕೇಳುವುದಿಲ್ಲ. ಮಾವನ ಸಲ ನಾನೂ ಕೇಳಿರಲಿಲ್ಲ. ಕರೆತರುವ ದಿನವೇ ಕಷ್ಟದ ದಿನ ಅಂದುಕೊಂಡಿದ್ದೆ. ಆ ದಿನ ಎಲ್ಲರೂ ಜೊತೆಗಿರುತ್ತಾರೆ, ಕೆಲಸ ಓಡುತ್ತದೆ. ಕಷ್ಟ ಶುರುವಾಗುವುದು ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋದ ಮೇಲೆ, ಎರಡನೇ ವಾರದಲ್ಲಿ.

ನಿಮ್ಮ ಕೈಯಲ್ಲಿ ಎಷ್ಟು ರಜೆ ಇದೆ

ಹೆತ್ತವರ ಆರೈಕೆಗೆಂದೇ ಬೇರೆ ರಜೆ ಕೊಡಬೇಕು ಅನ್ನುವ ಕಾನೂನು ಖಾಸಗಿ ನೌಕರರಿಗೆ ಇಲ್ಲ. ಕೆಲವು ಕಂಪನಿಗಳು ತಾವಾಗಿ ಕೊಡುತ್ತವೆ, ಎಚ್‌ಆರ್‌ನವರನ್ನು ಒಮ್ಮೆ ಕೇಳಿ. ಉಳಿದವರಿಗೆ ಆಧಾರ ಗಳಿಕೆ ರಜೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯ ಪ್ರಕಾರ ಕೆಲಸ ಮಾಡಿದ ಪ್ರತಿ 20 ದಿನಕ್ಕೆ ಒಂದು ದಿನ ಸಿಗುತ್ತದೆ. ಬಳಸದೆ ಉಳಿದದ್ದು ಮುಂದಿನ ವರ್ಷಕ್ಕೆ ಹೋಗುತ್ತದೆ. ಆಫೀಸಿನ ರಜೆ ಪೋರ್ಟಲ್‌ನಲ್ಲಿ ಇದು ಪ್ರಿವಿಲೇಜ್ ಲೀವ್ ಅಥವಾ ಅರ್ನ್ಡ್ ಲೀವ್ ಅಂತ ಕಾಣುತ್ತದೆ.

ಅರ್ಜಿ ಹಾಕುವ ಮೊದಲು ಒಂದು ವಿಷಯ ಕಡ್ಡಾಯವಾಗಿ ಕೇಳಿ. ಎರಡು ರಜೆಯ ನಡುವೆ ಸಿಕ್ಕ ಶನಿವಾರ ಭಾನುವಾರವನ್ನೂ ರಜೆ ಅಂತ ಎಣಿಸುತ್ತಾರಾ? ಇದಕ್ಕೆ ಆಫೀಸಿನಲ್ಲಿ ಸ್ಯಾಂಡ್‌ವಿಚ್ ರೂಲ್ ಅನ್ನುತ್ತಾರೆ. ಎಣಿಸುವುದಾದರೆ ನನ್ನ ಆರು ರಜೆ ಹನ್ನೊಂದಾಗುತ್ತಿತ್ತು. ನಮ್ಮಲ್ಲಿ ಎಣಿಸುವುದಿಲ್ಲ. ನಿಮ್ಮಲ್ಲಿ ಎಣಿಸಿದರೆ ಶುಕ್ರವಾರ ಮತ್ತು ಸೋಮವಾರ ಎರಡೂ ಹಾಕುವ ಬದಲು ಯಾವುದಾದರೂ ಒಂದು ಕಡೆ ಮಾತ್ರ ಹಾಕುವ ಹಾಗೆ ಪ್ರಯಾಣ ಜೋಡಿಸಿ.

ಸಿಕ್ ಲೀವ್ ಮುಟ್ಟಬೇಡಿ. ಅಮ್ಮನ ಸಲುವಾಗಿ ನಿಮಗೆ ಜ್ವರ ಅಂತ ಸರ್ಟಿಫಿಕೇಟ್ ತಂದರೆ, ನಾಳೆ ನಿಜವಾಗಿ ಮೂರನೇ ತುಂಡು ರಜೆ ಬೇಕಾದಾಗ ಯಾರೂ ನಂಬುವುದಿಲ್ಲ. ಗಳಿಕೆ ರಜೆ ಸಾಲದಿದ್ದರೆ ಸಂಬಳವಿಲ್ಲದ ರಜೆ ಕೇಳಿ, ಅದು ನೇರವಾದ ದಾರಿ.

ರಾಜ್ಯ ಸರ್ಕಾರಿ ನೌಕರರಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆ. ಜನವರಿಗೆ 15, ಜುಲೈಗೆ 15 ಖಾತೆಗೆ ಬೀಳುತ್ತದೆ. ಶಾಲೆಯ ಬೇಸಿಗೆ, ದಸರಾ ರಜೆ ಇರುವವರ ಲೆಕ್ಕ ಬೇರೆ. ನೆನಪಿಡಬೇಕಾದ್ದು ಎರಡು. ಸಾಂದರ್ಭಿಕ ರಜೆಯನ್ನು ಗಳಿಕೆ ರಜೆಗೆ ಅಂಟಿಸಿ ಹಾಕಲು ಬರುವುದಿಲ್ಲ. ಮತ್ತೆ, ಅರ್ಜಿಯಲ್ಲಿ ಹಿಂದಿನ ಮುಂದಿನ ಸರ್ಕಾರಿ ರಜಾ ದಿನಗಳನ್ನು ಬಳಸಿಕೊಳ್ಳಲು ಮತ್ತು ಕೇಂದ್ರ ಸ್ಥಾನ ಬಿಡಲು ಅನುಮತಿ ಕೋರಿದ ಸಾಲು ಇರಬೇಕು. ಆ ಸಾಲು ಬಿಟ್ಟು ಹೋದರೆ ಊರಿಗೆ ಹೋದ ಮೇಲೆ ಆಫೀಸಿನಿಂದ ಫೋನ್ ಬರುತ್ತದೆ.

ಮೊದಲು ಮಾತು, ಆಮೇಲೆ ಅರ್ಜಿ

ಪೋರ್ಟಲ್‌ನಲ್ಲಿ ಸುಮ್ನೆ ಎಂಟು ದಿನ ಹಾಕಿ ಕೂತರೆ ಮ್ಯಾನೇಜರ್‌ಗೆ ಕಾಣುವುದು ಎಂಟು ದಿನ ಮಾತ್ರ, ಕಾರಣ ಕಾಣುವುದಿಲ್ಲ. ಹತ್ತು ನಿಮಿಷ ಸಮಯ ಕೇಳಿ, ಎದುರು ಕೂತು ಹೇಳಿ. ಹೇಳುವಾಗ ಅಮ್ಮನ ಕಾಯಿಲೆಯ ಕಥೆಯೆಲ್ಲ ಬೇಕಾಗಿಲ್ಲ. ಅದು ಅಮ್ಮನ ಖಾಸಗಿ ವಿಷಯ ಕೂಡ. ಅವರಿಗೆ ಬೇಕಾದ್ದು ಮೂರೇ: ಯಾವ ದಿನ ಇರುವುದಿಲ್ಲ, ಆ ದಿನ ನಿಮ್ಮ ಕೆಲಸ ಯಾರು ನೋಡುತ್ತಾರೆ, ಇದರಲ್ಲಿ ಬದಲಾಗಬಹುದಾದದ್ದು ಯಾವುದು.

ನಾನು ಹೇಳಿದ್ದು ಹೀಗೆ: "ಸರ್, ಅಮ್ಮನನ್ನು ಊರಿಂದ ಇಲ್ಲಿಗೆ ಕರ್ಕೊಂಡು ಬರಬೇಕು. ಮೂರು ಕಂತಲ್ಲಿ ಎಂಟು ದಿನ ಬೇಕಾಗುತ್ತೆ. ಎಲ್ಲಾ 20ನೇ ತಾರೀಕಿನ ನಂತರ ಇಟ್ಕೊಂಡಿದ್ದೀನಿ. ಕೊನೆಯ ಎರಡು ದಿನ ಮಾತ್ರ ಅರ್ಧರ್ಧ, ಅದು 10, 11ನೇ ತಾರೀಕು ಬಿಟ್ಟು." ಅವರು ಮೊದಲು ಕೇಳಿದ್ದು, "ಅಷ್ಟೂ ದಿನ ಒಟ್ಟಿಗೇ ತಗೊಂಡ್ರೆ ಆಗಲ್ವಾ?" ಇದಕ್ಕೆ ಉತ್ತರ ಮೊದಲೇ ಇಟ್ಟುಕೊಳ್ಳಿ. ಒಟ್ಟಿಗೆ ತೆಗೆದುಕೊಂಡರೆ ಬ್ಯಾಂಕು, ಡಾಕ್ಟರ್ ಕೆಲಸದಲ್ಲಿ ಒಂದು ದಿನ ತಪ್ಪಿದರೂ ಪ್ರಯಾಣ ಮುಂದೆ ಹೋಗುತ್ತದೆ, ಆಗ ರಜೆ ಬೆಳೆಯುತ್ತದೆ. ತುಂಡು ಮಾಡಿದರೆ ಬೆಳೆಯುವುದಿಲ್ಲ. ಅವರಿಗೆ ಇದು ಅರ್ಥವಾಯಿತು. ಎರಡನೇ ಕಂತಿನ ಮಂಗಳವಾರ ಮನೆಯಿಂದಲೇ ಎರಡು ತಾಸು ಫೋನಿಗೆ ಸಿಗಬಹುದಾ ಅಂತ ಕೇಳಿದರು. ಒಪ್ಪಿಕೊಂಡೆ. ಆದರೆ ಶನಿವಾರ ಮತ್ತು ಬುಧವಾರ ಫೋನಿಗೂ ಸಿಗುವುದಿಲ್ಲ ಅಂತ ಅಲ್ಲೇ ಹೇಳಿದೆ. ದಾರಿಯಲ್ಲಿ ಅಮ್ಮ ವಾಂತಿ ಮಾಡುವಾಗ, ಸೇರಿಸುವ ದಿನ ಅವಳು ಕೈ ಹಿಡಿದು ಕೂತಿರುವಾಗ ಆಫೀಸಿನ ಫೋನು ತೆಗೆಯಲು ಆಗುವುದಿಲ್ಲ.

ಮಾತು ಮುಗಿದ ದಿನವೇ ಬರೆದು ಕಳಿಸಿ. ನನ್ನ ಅರ್ಜಿ ಹೀಗಿತ್ತು:

> ಮಾನ್ಯರೇ,
>
> ಇಂದು ತಮ್ಮೊಂದಿಗೆ ಮಾತನಾಡಿದಂತೆ, 78 ವರ್ಷದ ನನ್ನ ತಾಯಿಯನ್ನು ಸಾಗರದಿಂದ ಬೆಂಗಳೂರಿಗೆ ಕರೆತಂದು ಇಲ್ಲಿನ ಆರೈಕೆ ಮನೆಯಲ್ಲಿ ಸೇರಿಸಬೇಕಾಗಿದೆ. ಇದಕ್ಕಾಗಿ ಎಂಟು ದಿನ ಗಳಿಕೆ ರಜೆ ಕೋರುತ್ತೇನೆ.
>
> ಮೊದಲ ಕಂತು: ಡಿಸೆಂಬರ್ 26 ಮತ್ತು 29. ಬ್ಯಾಂಕ್ ಹಾಗೂ ವೈದ್ಯರ ಕೆಲಸ.
> ಎರಡನೇ ಕಂತು: ಜನವರಿ 23, 27, 28, 29. ಪ್ರಯಾಣ ಮತ್ತು ಸೇರ್ಪಡೆ.
> ಮೂರನೇ ಕಂತು: ಫೆಬ್ರವರಿ 2ರಿಂದ 13ರ ಒಳಗೆ ನಾಲ್ಕು ಅರ್ಧ ದಿನ, 10 ಮತ್ತು 11 ಬಿಟ್ಟು. ಯಾವ ದಿನ ಎಂದು ಹಿಂದಿನ ದಿನ ಮಧ್ಯಾಹ್ನದೊಳಗೆ ತಿಳಿಸುತ್ತೇನೆ. ಬೇಕಾಗದೆ ಉಳಿದದ್ದನ್ನು ರದ್ದು ಮಾಡುತ್ತೇನೆ.
>
> ಈ ದಿನಗಳಲ್ಲಿ ನನ್ನ ಕೆಲಸ ನೋಡಿಕೊಳ್ಳಲು ಸಹೋದ್ಯೋಗಿ ಒಪ್ಪಿದ್ದಾರೆ, ಅವರಿಗೂ ಈ ಪತ್ರದ ಪ್ರತಿ ಕಳಿಸಿದ್ದೇನೆ. ಜನವರಿ 27ರಂದು ಬೆಳಿಗ್ಗೆ 11ರಿಂದ 1ರವರೆಗೆ ಫೋನಿಗೆ ಸಿಗುತ್ತೇನೆ. 24 ಮತ್ತು 28ರಂದು ಸಿಗುವುದಿಲ್ಲ.
>
> ತಾಯಿಯ ಆರೋಗ್ಯ ಕೆಟ್ಟು ಪ್ರಯಾಣ ಮುಂದೆ ಹೋದರೆ, ಎರಡನೇ ಕಂತು ಇಡಿಯಾಗಿ ಫೆಬ್ರವರಿ 20ರ ನಂತರಕ್ಕೆ ಹೋಗುತ್ತದೆ. ಇದನ್ನು ಜನವರಿ 19ರೊಳಗೆ ಖಚಿತಪಡಿಸುತ್ತೇನೆ.

ಕೊನೆಯ ಪ್ಯಾರಾವನ್ನು ಬಿಡಬೇಡಿ. ವಯಸ್ಸಾದವರ ಪ್ರಯಾಣ ಮುಂದೆ ಹೋಗುವುದು ಮಾಮೂಲು. ಹೋದರೆ ಯಾವ ದಿನಕ್ಕೆ ಹೋಗುತ್ತದೆ ಅಂತ ಮೊದಲೇ ಬರೆದಿದ್ದರೆ ಹೊಸದಾಗಿ ರಜೆ ಕೇಳುವ ಮುಜುಗರ ಇರುವುದಿಲ್ಲ.

ಸಹೋದ್ಯೋಗಿಯನ್ನು ಅರ್ಜಿಗೆ ಮೊದಲೇ ಒಪ್ಪಿಸಿ. ಅವರಿಗೆ ಕೊಡುವ ಹಾಳೆಯಲ್ಲಿ ಎಲ್ಲ ಕೆಲಸ ತುಂಬಬೇಡಿ, ಆ ದಿನಗಳಲ್ಲಿ ನಿಜವಾಗಿ ಬರಬಹುದಾದ ನಾಲ್ಕೈದು ಸಾಕು. ಮನೆಯಲ್ಲೂ ಒಂದು ಮಾತು ಆಗಲೇಬೇಕು. ಪುಣೆಯಲ್ಲಿರುವ ನನ್ನ ಅಣ್ಣ ಫೆಬ್ರವರಿಯ ಮೊದಲ ಶನಿವಾರ ಭಾನುವಾರ ಬರುತ್ತೇನೆ ಅಂತ ಟಿಕೆಟ್ ಮಾಡಿದ. ಹೆಣ್ಣುಮಕ್ಕಳ ರಜೆ, ಸೊಸೆಯ ರಜೆ ತಾನಾಗಿ ಸಿಗುತ್ತದೆ ಅಂದುಕೊಂಡು ಅಣ್ಣತಮ್ಮಂದಿರು ಸುಮ್ಮನಿರುವುದನ್ನು ತುಂಬ ಮನೆಯಲ್ಲಿ ನೋಡಿದ್ದೇನೆ. ರಜೆಯನ್ನೂ ಖರ್ಚಿನ ಹಾಗೆ ಹಂಚಿಕೊಳ್ಳಬೇಕು.

ಮೊದಲ ಕಂತು: ಊರಲ್ಲಿ ಎರಡು ಕೆಲಸದ ದಿನ

ಶುಕ್ರವಾರ ಬೆಳಿಗ್ಗೆ ಡಾಕ್ಟರ್. ಅಮ್ಮನನ್ನು ಹತ್ತು ವರ್ಷದಿಂದ ನೋಡಿದವರು ಅವರು. ಅವರಿಂದ ಒಂದು ಪುಟದ ಸಾರಾಂಶ ಬರೆಸಿಕೊಳ್ಳಿ: ಏನೇನು ಕಾಯಿಲೆ, ಯಾವ ಮಾತ್ರೆ ಎಷ್ಟು ಹೊತ್ತಿಗೆ, ಯಾವ ಔಷಧಿ ಒಗ್ಗುವುದಿಲ್ಲ, ಹಿಂದೆ ಆದ ಆಪರೇಷನ್. ಆರೈಕೆ ಮನೆಯವರು ಆಧಾರ್ ಪ್ರತಿ, ಫೋಟೋ, ಇತ್ತೀಚಿನ ರಕ್ತ ಪರೀಕ್ಷೆ, ಡಾಕ್ಟರ್ ಸರ್ಟಿಫಿಕೇಟ್ ಕೇಳುತ್ತಾರೆ. ಕೆಲವರು ಎದೆಯ ಎಕ್ಸ್‌ರೇ ಕೂಡ ಕೇಳುತ್ತಾರೆ. ಅವರ ಪಟ್ಟಿಯನ್ನು ಮೊದಲೇ ತರಿಸಿಕೊಂಡು ಊರಲ್ಲೇ ಮಾಡಿಸಿದರೆ ಸೇರಿಸುವ ದಿನ ಅಮ್ಮನನ್ನು ಲ್ಯಾಬ್‌ಗೆ ಎಳೆದಾಡುವುದು ತಪ್ಪುತ್ತದೆ. ಒಂದು ತಿಂಗಳ ಮಾತ್ರೆಯನ್ನು ಊರಿನ ಅಂಗಡಿಯಿಂದಲೇ ತನ್ನಿ. ಬೆಂಗಳೂರಲ್ಲಿ ಅದೇ ಮಾತ್ರೆ ಬೇರೆ ಹೆಸರಿನಲ್ಲಿ, ಬೇರೆ ಬಣ್ಣದಲ್ಲಿ ಸಿಗುತ್ತದೆ. ಬಣ್ಣ ನೋಡಿ ಮಾತ್ರೆ ಗುರುತಿಸುವವರು ಗೊತ್ತಿಲ್ಲದ್ದನ್ನು ನುಂಗದೆ ದಿಂಬಿನ ಕೆಳಗೆ ಇಡುತ್ತಾರೆ.

ಸೋಮವಾರ ಬ್ಯಾಂಕು. ಅಪ್ಪನ ಕುಟುಂಬ ಪಿಂಚಣಿ ಅಮ್ಮನ ಖಾತೆಗೆ ಬರುತ್ತದೆ. ಖಾತೆಯನ್ನು ಬೆಂಗಳೂರಿಗೆ ಬದಲಿಸುವ ಅವಸರ ಬೇಡ, ಹಣ ಎಲ್ಲಿಂದಲಾದರೂ ತೆಗೆಯಬಹುದು. ಆ ದಿನ ನೋಡಬೇಕಾದದ್ದು ಮೂರು: ಮೊಬೈಲ್ ನಂಬರ್ ಸರಿಯಿದೆಯಾ, ಕೆವೈಸಿ ಬಾಕಿ ಇದೆಯಾ, ನಾಮಿನಿ ಹೆಸರಿದೆಯಾ. ಪಿಂಚಣಿಯ ಜೀವಿತ ಪ್ರಮಾಣ ಪತ್ರವನ್ನು ಪ್ರತಿ ನವೆಂಬರ್‌ನಲ್ಲಿ ಕೊಡಬೇಕಲ್ಲ, ಅದನ್ನು ಈಗ ಫೋನಿನಲ್ಲೇ ಮುಖ ತೋರಿಸಿ ಮಾಡಬಹುದು. ಬೆರಳಚ್ಚು ಸವೆದವರಿಗೆ ಇದು ದೊಡ್ಡ ಅನುಕೂಲ. ಹಾಗಾಗಿ ಅದಕ್ಕಾಗಿ ಊರಿಗೆ ಬರುವ ರಜೆ ಲೆಕ್ಕದಲ್ಲಿ ಬೇಡ.

ನಡುವಿನ ಶನಿವಾರ ಭಾನುವಾರ ಅಮ್ಮ ಒಯ್ಯುವ ಸಾಮಾನು ಆರಿಸಿದಳು. ಆರಿಸಿದ್ದು ಅವಳೇ, ನಾನು ಬರೆದುಕೊಂಡೆ. ನೀರು ಕುಡಿಯುವ ಹಿತ್ತಾಳೆ ಚೊಂಬು, ಹಾಸಿಗೆಯ ಕೆಂಪು ಅಂಚಿನ ಹೊದಿಕೆ, ದೇವರ ಮನೆಯ ಒಂದು ಚಿಕ್ಕ ದೀಪ, ಗೋಡೆ ಗಡಿಯಾರ. ಗಡಿಯಾರ ಯಾಕೆ ಅಂತ ಕೇಳಿದೆ. "ರಾತ್ರಿ ಎಚ್ಚರಾದ್ರೆ ಅದರ ಸದ್ದು ಕೇಳ್ತದೆ" ಅಂದಳು.

ಎರಡನೇ ಕಂತು: ಪ್ರಯಾಣ ಮತ್ತು ಸೇರಿಸುವುದು

ರೈಲೋ ಕಾರೋ? ರೈಲಿನಲ್ಲಿ ವಯಸ್ಸಾದವರಿಗೆ ಕೆಳಗಿನ ಬರ್ತ್ ಕೋಟಾ ಇದೆ. ಆದರೆ ಅದು ಅವರು ಒಬ್ಬರೇ ಇದ್ದಾಗ, ಇಲ್ಲವೇ ಅದೇ ವಯಸ್ಸಿನ ನಿಯಮಕ್ಕೆ ಬರುವ ಇಬ್ಬರು ಇದ್ದಾಗ ಮಾತ್ರ. ಒಂದೇ ಟಿಕೆಟ್‌ನಲ್ಲಿ ಚಿಕ್ಕ ವಯಸ್ಸಿನವರನ್ನು ಸೇರಿಸಿದರೆ ಆ ಕೋಟಾ ಅನ್ವಯಿಸುವುದಿಲ್ಲ. ಇದು ಗೊತ್ತಿಲ್ಲದೆ ಅಮ್ಮನಿಗೆ ಮೇಲಿನ ಬರ್ತ್ ಬಂದು ಪರದಾಡುವವರು ತುಂಬ. ನಮ್ಮದು ಬಚ್ಚಲಲ್ಲಿ ಬಿದ್ದ ಅಮ್ಮ, ಓಡುವ ರೈಲಿನ ಶೌಚಾಲಯ ಬೇಡ ಅಂತ ಕಾರು ಮಾಡಿದೆವು.

ಸಾಗರದಿಂದ ಶಿವಮೊಗ್ಗ, ತರೀಕೆರೆ, ಅರಸೀಕೆರೆ, ತಿಪಟೂರು, ತುಮಕೂರು. ಪೂರ್ತಿ ಒಂದು ದಿನ ಇಟ್ಟುಕೊಳ್ಳಿ. ಪ್ರತಿ ಎರಡು ತಾಸಿಗೆ ನಿಲ್ಲಿಸಿ, ಇಳಿಸಿ, ನಾಲ್ಕು ಹೆಜ್ಜೆ ನಡೆಸಿ. ದಾರಿಯಲ್ಲಿ ಮೂತ್ರಕ್ಕೆ ಹೋಗಬೇಕಾಗುತ್ತದೆ ಅಂತ ವಯಸ್ಸಾದವರು ನೀರು ಕುಡಿಯುವುದನ್ನೇ ಬಿಡುತ್ತಾರೆ, ಆಮೇಲೆ ತಲೆ ಸುತ್ತುತ್ತದೆ. ಬಿಪಿಗೆ ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ಇದ್ದರೆ ಪ್ರಯಾಣದ ದಿನ ಅದನ್ನು ಎಷ್ಟು ಹೊತ್ತಿಗೆ ಕೊಡಬೇಕು ಅಂತ ಡಾಕ್ಟರ್‌ನ್ನು ಮೊದಲ ಕಂತಿನಲ್ಲೇ ಕೇಳಿಡಿ. ನೀವೇ ಬಿಡಿಸಬೇಡಿ.

ಹೊರಡುವ ಮೊದಲು ಗ್ಯಾಸ್ ರೆಗ್ಯುಲೇಟರ್ ತೆಗೆದೆವು, ಕೀಲಿಯ ಒಂದು ಜೊತೆ ಪಕ್ಕದ ಮನೆಗೆ ಕೊಟ್ಟೆವು, ಕರೆಂಟ್ ಬಿಲ್ಲು ನನ್ನ ಫೋನಿನಿಂದ ಕಟ್ಟುವ ಹಾಗೆ ಮಾಡಿದೆವು. ತುಳಸಿಗೆ ನೀರು ಹಾಕುವುದನ್ನು ಹಾಲಿನವಳು ಒಪ್ಪಿಕೊಂಡಳು. ಅಮ್ಮನಿಗೆ ಎಲ್ಲಕ್ಕಿಂತ ಸಮಾಧಾನ ಆದದ್ದು ಅದರಿಂದ.

ಸೇರಿಸುವ ದಿನ ಬೆಳಿಗ್ಗೆಯೇ ಹೋಗಿ, ಸಂಜೆ ಬೇಡ. ಬೆಳಕಿನಲ್ಲಿ ಜಾಗ ನೋಡಿದರೆ ರಾತ್ರಿ ದಾರಿ ನೆನಪಿರುತ್ತದೆ. ನಾನು ಮೊದಲು ಮಾಡಿದ್ದು ಹಾಸಿಗೆಯಿಂದ ಶೌಚಾಲಯಕ್ಕೆ ಅಮ್ಮನ ಜೊತೆ ಮೂರು ಸಲ ನಡೆದದ್ದು. ಊರಲ್ಲಿ ಅವಳು ಹಾಸಿಗೆಯ ಎಡಕ್ಕೆ ಇಳಿಯುತ್ತಿದ್ದಳು. ಇಲ್ಲಿ ಎಡಕ್ಕೆ ಗೋಡೆ. ನಿದ್ದೆಗಣ್ಣಲ್ಲಿ ಎದ್ದವಳು ಗೋಡೆಗೆ ತಾಗಿ ಬೀಳುವುದು ಖಂಡಿತ. ಮಂಚವನ್ನು ತಿರುಗಿಸಿ ಹಾಕಿಸಿದೆವು. ಶೌಚಾಲಯದ ಸ್ವಿಚ್ ಬಾಗಿಲ ಹೊರಗಿತ್ತು, ಅದರ ಮೇಲೆ ಬಿಳಿ ಟೇಪ್ ಅಂಟಿಸಿದೆ. ಗಡಿಯಾರ ಹಾಕಿದೆವು.

ಸಹಿ ಹಾಕುವ ಮೊದಲು ಕರಾರಿನಲ್ಲಿ ನಾಲ್ಕು ವಿಷಯ ಓದಿ. ಮುಂಗಡ ಹಣ ಯಾವಾಗ, ಎಷ್ಟು ವಾಪಸ್? ಬಿಡುವುದಾದರೆ ಎಷ್ಟು ದಿನ ಮೊದಲು ಹೇಳಬೇಕು? ರಾತ್ರಿ ತುರ್ತಾದರೆ ಯಾವ ಆಸ್ಪತ್ರೆಗೆ, ಯಾರು ಕರೆದುಕೊಂಡು ಹೋಗುತ್ತಾರೆ? ನಾಳೆ ಅಮ್ಮ ಹಾಸಿಗೆ ಹಿಡಿದರೆ ಇಟ್ಟುಕೊಳ್ಳುತ್ತಾರಾ, ಕಳಿಸುತ್ತಾರಾ? ಕೊನೆಯದನ್ನು ಕೇಳಲು ಬಾಯಿ ಬರುವುದಿಲ್ಲ, ಆದರೂ ಕೇಳಿ. ಒಂದು ತಿಂಗಳ ಪ್ರಯತ್ನದ ವಾಸ ಅನ್ನುವುದನ್ನು ಬರಹದಲ್ಲೇ ಹಾಕಿಸಿಕೊಳ್ಳಿ.

ಮೂರನೇ ಕಂತು: ಅರ್ಧ ದಿನಗಳು ಎಲ್ಲಿ ಹೋದವು

ಮೊದಲ ವಾರ ಅಮ್ಮ ಫೋನಿನಲ್ಲಿ "ಎಲ್ಲಾ ಚೆನ್ನಾಗಿದೆ" ಅನ್ನುತ್ತಿದ್ದಳು. ತುಂಬ ಬೇಗ ಅನ್ನುತ್ತಿದ್ದಳು, ಪ್ರಶ್ನೆ ಮುಗಿಯುವ ಮೊದಲೇ. ಫೆಬ್ರವರಿ 3ರಂದು ಮೊದಲ ಅರ್ಧ ದಿನ ತೆಗೆದುಕೊಂಡು, ಹೇಳದೆ ಮಧ್ಯಾಹ್ನದ ಊಟದ ಹೊತ್ತಿಗೆ ಹೋದೆ. ತಟ್ಟೆಯಲ್ಲಿ ಅನ್ನ ಹಾಗೇ ಇತ್ತು. ಕೊನೆಗೆ ಗೊತ್ತಾಯಿತು, ಅಲ್ಲಿ ಮಜ್ಜಿಗೆ ಬೇರೆ ಲೋಟದಲ್ಲಿ ಕೊಡುತ್ತಾರೆ, ಉಪ್ಪಿಲ್ಲ. ಅನ್ನಕ್ಕೆ ಕಲಸಿಕೊಳ್ಳಲು ಕೇಳುವುದು ಅವಳಿಗೆ ಸಂಕೋಚ. ಅಡುಗೆಯವರಿಗೆ ಹೇಳಿದೆ, ಒಂದು ಡಬ್ಬಿ ಮಾವಿನಮಿಡಿ ಉಪ್ಪಿನಕಾಯಿಯನ್ನೂ ಎಷ್ಟು ಕೊಡಬಹುದು ಅಂತ ಡಾಕ್ಟರ್‌ನ್ನು ಕೇಳಿಯೇ ಇಟ್ಟೆ. ಇದು ಶನಿವಾರ ಹೋಗಿದ್ದರೆ ಕಾಣುತ್ತಿರಲಿಲ್ಲ. ಶನಿವಾರ ಎಲ್ಲರ ಮನೆಯವರೂ ಬರುತ್ತಾರೆ, ಊಟವೂ ಬೇರೆ. ಹಾಗಾಗಿ ಕಾಯ್ದಿಟ್ಟ ಅರ್ಧ ದಿನವನ್ನು ವಾರದ ನಡುವೆ, ಊಟದ ಹೊತ್ತಿಗೆ ಬಳಸಿ. ನೋಡಬೇಕಾದದ್ದು ತಟ್ಟೆ, ಮಾತ್ರೆಯ ಪಟ್ಟಿ, ನೀರಿನ ಬಾಟಲಿ.

ಎರಡನೇ ಅರ್ಧ ದಿನ 6ರಂದು ಹೋಯಿತು. ಹಿಂದಿನ ರಾತ್ರಿ ಅಮ್ಮ ಎದ್ದು "ಕೊಟ್ಟಿಗೆ ಬಾಗಿಲು ಹಾಕಿಲ್ಲ" ಅಂತ ಹೊರಗೆ ನಡೆದಿದ್ದಳಂತೆ. ಹೊಸ ಜಾಗದಲ್ಲಿ ರಾತ್ರಿ ಸ್ವಲ್ಪ ಗಲಿಬಿಲಿ ಆಗುತ್ತದೆ. ಆದರೆ ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ ಶುರುವಾದ ಗಲಿಬಿಲಿಯನ್ನು ವಯಸ್ಸಿನದ್ದು ಅಂತ ಬಿಡಬಾರದು. ಮೂತ್ರದ ಸೋಂಕು, ನೀರು ಕಡಿಮೆಯಾದದ್ದು, ಮಲಬದ್ಧತೆ, ಮಾತ್ರೆ ತಪ್ಪಿದ್ದು, ಇವೆಲ್ಲ ವಯಸ್ಸಾದವರಲ್ಲಿ ಮೊದಲು ತಲೆಯ ಗಲಿಬಿಲಿಯಾಗಿಯೇ ಕಾಣಬಹುದು, ಜ್ವರ ಬರದೆಯೂ ಇರಬಹುದು. ಅದೇ ದಿನ ಡಾಕ್ಟರ್‌ಗೆ ತೋರಿಸಬೇಕು. ಮೂತ್ರ ಪರೀಕ್ಷೆಯಲ್ಲಿ ಸೋಂಕು ಸಿಕ್ಕಿತು. ಔಷಧಿ ಶುರುವಾದ ನಾಲ್ಕನೇ ದಿನಕ್ಕೆ ಅಮ್ಮ ಮೊದಲಿನ ಹಾಗಾದಳು. ಮಾವನ ಸಲ ಇದೇ ಥರ ಆದಾಗ ನಾವು ಐದು ದಿನ ಕಾದಿದ್ದೆವು.

ಮೂರನೆಯದು 12ರಂದು, ಡಾಕ್ಟರ್‌ಗೆ ಮತ್ತೊಮ್ಮೆ ತೋರಿಸಲು. ನಾಲ್ಕನೆಯದು ಬೇಕಾಗಲಿಲ್ಲ. 13ರ ಸಂಜೆ ಪೋರ್ಟಲ್‌ನಲ್ಲಿ ಅದನ್ನು ರದ್ದು ಮಾಡಿ, ಮ್ಯಾನೇಜರ್‌ಗೂ ಕೆಲಸ ನೋಡಿಕೊಂಡ ಸಹೋದ್ಯೋಗಿಗೂ ಎರಡು ಸಾಲು ಬರೆದೆ: ಕೆಲಸ ಮುಗಿಯಿತು, ಅರ್ಧ ದಿನ ಉಳಿಯಿತು, ಸೋಮವಾರದಿಂದ ಎಂದಿನಂತೆ. ಆಮೇಲೆ ಆರೈಕೆ ಮನೆಗೆ ಹೋದೆ. ಅಮ್ಮ ಪಕ್ಕದ ಕೋಣೆಯ ಅಜ್ಜಿಗೆ ಹೂಬತ್ತಿ ಹೊಸೆಯುವುದನ್ನು ತೋರಿಸುತ್ತಿದ್ದಳು. ನನ್ನನ್ನು ನೋಡಿ, "ಇವತ್ತು ಆಫೀಸಿತ್ತಾ?" ಅಂತ ಕೇಳಿದಳು.